ಪುಷ್-ಅಪ್ ಮಾಡುವಾಗ ಮಣಿಕಟ್ಟು ನೋವು: ಸಹಿಸಿಕೊಂಡು ಮುಂದುವರಿಸಬೇಕೇ?

"ನೋವಾದರೂ ನಿಲ್ಲಿಸಬೇಡಿ, ಮಣಿಕಟ್ಟು ತಾನಾಗಿ ಗಟ್ಟಿಯಾಗುತ್ತದೆ" ಎಂಬ ಸಲಹೆ ನಿಮಗೂ ಬಂದಿರಬಹುದು. ಇದು ಸರಿಯಲ್ಲ.

ನೋವು ಏಕೆ?

ಅಂಗೈ ನೆಲಕ್ಕೆ ಊರಿದಾಗ ಮಣಿಕಟ್ಟು ಸುಮಾರು 90 ಡಿಗ್ರಿ ಹಿಂದಕ್ಕೆ ಬಾಗುತ್ತದೆ. ಅದೇ ಭಂಗಿಯಲ್ಲಿ ದೇಹದ ಅರ್ಧಕ್ಕಿಂತ ಹೆಚ್ಚು ತೂಕವನ್ನು ಕೈಗಳು ಹೊರುತ್ತವೆ. ಹಾಗಾಗಿ ಪರಿಹಾರ ಎರಡೇ: ಬಾಗುವಿಕೆ ಕಡಿಮೆ ಮಾಡುವುದು ಅಥವಾ ತೂಕ ಕಡಿಮೆ ಮಾಡುವುದು.

ಬಾಗುವಿಕೆ ಕಡಿಮೆ ಮಾಡಲು

ಪುಷ್-ಅಪ್ ಹ್ಯಾಂಡಲ್ ಹಿಡಿದರೆ ಮಣಿಕಟ್ಟು ನೇರವಾಗಿರುತ್ತದೆ. ದುಂಡನೆಯ ಡಂಬೆಲ್ ಉರುಳಬಹುದು, ಬಳಸಬೇಡಿ. ಮುಷ್ಟಿ ಊರುವುದಾದರೆ ಮಡಚಿದ ಟವೆಲ್ ಹಾಸಿ, ತೋರುಬೆರಳು ಮತ್ತು ಮಧ್ಯದ ಬೆರಳಿನ ಗೆಣ್ಣುಗಳ ಮೇಲೆ ಭಾರ ಹಾಕಿ. ಮಣಿಕಟ್ಟು ಅಲುಗಾಡಿದರೆ ಈ ವಿಧಾನ ಸದ್ಯಕ್ಕೆ ಬೇಡ.

ತೂಕ ಕಡಿಮೆ ಮಾಡಲು

ಕೈ ಎತ್ತರದಲ್ಲಿದ್ದಷ್ಟೂ ಭಾರ ಕಡಿಮೆ. ಉದಾಹರಣೆಗೆ, ನೆಲದ ಮೇಲೆ ಐದನೇ ಪುಷ್-ಅಪ್‌ಗೇ ನೋವು ಬರುವವರು ಗೋಡೆಯಿಂದ ಆರಂಭಿಸಲಿ. ನೋವಿಲ್ಲದೆ 10ರಂತೆ ಮೂರು ಸುತ್ತು ಮಾಡಲಾದರೆ ಅಡುಗೆಮನೆ ಕಟ್ಟೆ, ನಂತರ ಅಲುಗಾಡದ ಮಂಚದ ಅಂಚು, ಕೊನೆಗೆ ನೆಲ. ನೋವು ಮರಳಿದರೆ ಒಂದು ಹಂತ ಹಿಂದಕ್ಕೆ ಹೋಗಬೇಕು.

ಮಣಿಕಟ್ಟು ಬಲಪಡಿಸಲು

ದಿನ ಬಿಟ್ಟು ದಿನ, ಮುಂಗೈಯನ್ನು ಮೇಜಿನ ಮೇಲಿಟ್ಟು, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮಣಿಕಟ್ಟನ್ನು ನಿಧಾನವಾಗಿ ಮೇಲೆ ಕೆಳಗೆ 10 ಬಾರಿ ಆಡಿಸಿ. ನಂತರ ಅಂಬೆಗಾಲಿನ ಭಂಗಿಯಲ್ಲಿ ಅಂಗೈ ಊರಿ, ನೋವಾಗದಷ್ಟು ಮಾತ್ರ ಮುಂದಕ್ಕೆ ವಾಲಿ.

ವೈದ್ಯರನ್ನು ಯಾವಾಗ ಕಾಣಬೇಕು?

ಬಿದ್ದ ನಂತರ ಶುರುವಾದ ನೋವು, ಊತ, ಬೆರಳು ಜೋಮು ಹಿಡಿಯುವುದು ಅಥವಾ ವಿಶ್ರಾಂತಿಯಲ್ಲೂ ನೋವಿದ್ದರೆ ವ್ಯಾಯಾಮ ನಿಲ್ಲಿಸಿ, ವೈದ್ಯರಿಗೆ ತೋರಿಸಿ.