ಬಸುರಿ ವಾಂತಿ: ಯಾವಾಗ ಸಹಜ, ಯಾವಾಗ ಡ್ರಿಪ್ಸ್ ಬೇಕು, ಆ ಬಾಟಲಿಯಲ್ಲಿ ಏನಿರಬೇಕು?

"ಬಸುರಾದ ಮೇಲೆ ವಾಂತಿ ಇದ್ದದ್ದೇ" ಅನ್ನೋ ಮಾತು ಹತ್ತರಲ್ಲಿ ಏಳೆಂಟು ಹೆಂಗಸರ ಮಟ್ಟಿಗೆ ನಿಜ. ಆದರೆ ನೂರರಲ್ಲಿ ಒಬ್ಬಿಬ್ಬರಿಗೆ ಇದೇ ಮಾತು ಅಪಾಯ ತರುತ್ತೆ. ಅವರಿಗಿರೋದು ಬೇರೆಯದೇ ಕಾಯಿಲೆ, ಹೆಸರು ಹೈಪರ್‌ಎಮೆಸಿಸ್ ಗ್ರ್ಯಾವಿಡೇರಮ್. ತಾಲೂಕು ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವ ವೈದ್ಯೆ ನಾನು. ಇವೆರಡನ್ನು ಬೇರೆ ಮಾಡಿ ನೋಡೋದು ಹೇಗೆ, ಡ್ರಿಪ್ಸ್ ಹಾಕುವಾಗ ಆಗುವ ಒಂದು ದೊಡ್ಡ ಎಡವಟ್ಟು ಯಾವುದು ಅನ್ನೋದನ್ನು ಇಲ್ಲಿ ವಿವರಿಸ್ತೀನಿ.

ತಕ್ಕಡಿ ಹೇಳುವ ಸತ್ಯ

ಸಾಮಾನ್ಯ ಬಸುರಿ ವಾಂತಿ ಬೆಳಿಗ್ಗೆ ಮಾತ್ರ ಬರುತ್ತೆ ಅನ್ನೋದು ತಪ್ಪು ತಿಳಿವಳಿಕೆ, ದಿನವಿಡೀ ಕಾಡಬಹುದು. ನಾಲ್ಕರಿಂದ ಏಳನೇ ವಾರದೊಳಗೆ ಶುರುವಾಗಿ, ಒಂಬತ್ತನೇ ವಾರದ ಹೊತ್ತಿಗೆ ಜೋರಾಗಿ, ಹೆಚ್ಚಿನವರಲ್ಲಿ 16ರಿಂದ 20ನೇ ವಾರದೊಳಗೆ ನಿಲ್ಲುತ್ತೆ. ಈ ಅವಧಿಯಲ್ಲಿ ಹೇಗೋ ಒಂದಿಷ್ಟು ಗಂಜಿ, ಮಜ್ಜಿಗೆ ಒಳಗೆ ಉಳಿಯುತ್ತೆ. ಮೂತ್ರ ಸರಿಯಾಗಿ ಹೋಗುತ್ತೆ. ತೂಕ ಅಷ್ಟಾಗಿ ಕದಲಲ್ಲ.

ಹೈಪರ್‌ಎಮೆಸಿಸ್‌ನಲ್ಲಿ ನೀರೂ ನಿಲ್ಲಲ್ಲ. ಬಸಿರಿಗೆ ಮುಂಚಿನ ತೂಕದಲ್ಲಿ ನೂರಕ್ಕೆ ಐದು ಭಾಗಕ್ಕಿಂತ ಹೆಚ್ಚು ಇಳಿಯೋದು, ಮೈಯಲ್ಲಿ ನೀರು ಬತ್ತೋದು, ರಕ್ತದ ಲವಣಗಳು ಏರುಪೇರಾಗೋದು ಇದರ ಗುರುತು. ಐವತ್ತು ಕೆಜಿ ಇದ್ದವರು ಎರಡೂವರೆ ಕೆಜಿ ಇಳಿದರೆ ಆ ಗೆರೆ ಮುಟ್ಟಿದಂತೆ. ತೊಂದರೆ ಏನಂದ್ರೆ, ತಾಯಿ ಕಾರ್ಡಿನಲ್ಲಿ ಮೊದಲ ತೂಕ ಬರೆಯೋದು ನೋಂದಣಿಯ ದಿನ. ಅಷ್ಟರಲ್ಲಿ ಮೂರು ಕೆಜಿ ಹೋಗಿದ್ರೆ ಅದು ದಾಖಲೆಯಲ್ಲಿ ಕಾಣೋದೇ ಇಲ್ಲ. ಹಾಗಾಗಿ "ಮುಟ್ಟು ನಿಲ್ಲುವ ಮುಂಚೆ ಎಷ್ಟಿದ್ದೆ?" ಅಂತ ಕೇಳಲೇಬೇಕು.

ಕಾರಣ ಮನಸ್ಸಿನಲ್ಲಿಲ್ಲ

"ಮಗು ಇಷ್ಟ ಇಲ್ಲದೆ ಹೀಗೆ ಮಾಡ್ತಾಳೆ" ಅಂತ ದಶಕಗಳ ಕಾಲ ವೈದ್ಯರೇ ಹೇಳ್ತಿದ್ದರು. 2023ರ ಡಿಸೆಂಬರಿನಲ್ಲಿ ಮಾರ್ಲೀನಾ ಫೆಜೋ, ಸ್ಟೀಫನ್ ಓ'ರಾಹಿಲಿ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು. ಗರ್ಭದಿಂದ ತಾಯಿಯ ರಕ್ತಕ್ಕೆ ಜಿಡಿಎಫ್-15 ಎಂಬ ಹಾರ್ಮೋನು ಹರಿದು ಬರುತ್ತೆ, ಅದು ಮೆದುಳಿನ ಬುಡದಲ್ಲಿ ವಾಕರಿಕೆ ಎಬ್ಬಿಸುತ್ತೆ. ಬಸಿರಿಗೆ ಮುಂಚೆ ಯಾರ ಮೈಯಲ್ಲಿ ಇದು ಕಡಿಮೆ ಇರುತ್ತೋ ಅವರಿಗೆ ಈ ದಿಢೀರ್ ಏರಿಕೆ ಹೆಚ್ಚು ಹೊಡೆತ ಕೊಡುತ್ತೆ. ಹೆಣ್ಣಿನ 'ಹಟ' ಅಂತ ಕರೆದದ್ದಕ್ಕೆ ರಕ್ತದಲ್ಲೇ ಕಾರಣವಿತ್ತು.

ಒಂದು ಪ್ರಕರಣ

ಗುರುತು ಸಿಗದಂತೆ ವಿವರ ಬದಲಿಸಿ ಹೇಳ್ತೀನಿ. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು, ಚೊಚ್ಚಲು ಬಸುರಿ, ಒಂಬತ್ತನೇ ವಾರ. ಮೊದಲು 48 ಕೆಜಿ ಇದ್ದವಳು ನಮ್ಮಲ್ಲಿಗೆ ಬಂದಾಗ 44.5. ಅಂದರೆ ನೂರಕ್ಕೆ ಏಳು ಭಾಗ ಇಳಿದಿತ್ತು. ಜೊತೆಗೆ ಬಂದ ಅತ್ತೆ ಕಕ್ಕುಲಾತಿಯಿಂದಲೇ, "ನಂಗೂ ಹಿಂಗೇ ಆಗಿತ್ತು ಡಾಕ್ಟ್ರೇ, ಒಂದು ಗ್ಲೂಕೋಸ್ ಹಾಕಿ ಕಳ್ಸಿ, ಸುಧಾರಿಸ್ಕೋತಾಳೆ" ಅಂದರು. ಊರಿನ ಕ್ಲಿನಿಕ್ಕಿನಲ್ಲಿ ಆಗಲೇ ಎರಡು ಸಲ ಗ್ಲೂಕೋಸ್ ಏರಿಸಿದ್ದರು.

ನಾವು ಮೊದಲು ಮೂರು ಪ್ರಶ್ನೆ ಕೇಳಿದೆವು. 24 ಗಂಟೆಯಲ್ಲಿ ಎಷ್ಟು ಹೊತ್ತು ವಾಕರಿಕೆ? ಎಷ್ಟು ಸಲ ವಾಂತಿ? ಏನೂ ಹೊರಬರದೆ ಬರೀ ಓಕರಿಕೆ ಎಷ್ಟು ಸಲ? ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ. ಒಟ್ಟು ಆರರವರೆಗೆ ಸೌಮ್ಯ, ಹನ್ನೆರಡರವರೆಗೆ ಮಧ್ಯಮ, ಹದಿಮೂರು ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ. ಇಡೀ ದಿನ ವಾಕರಿಕೆ, ಎಂಟು ವಾಂತಿ, ಐದು ಸಲ ಓಕರಿಕೆ ಇದ್ದ ಈಕೆಗೆ 14 ಬಂತು. ನಾಡಿ ನಿಮಿಷಕ್ಕೆ 118, ಹಿಂದಿನ ಸಂಜೆಯಿಂದ ಒಂದೇ ಸಲ ಮೂತ್ರ, ಅದೂ ಕಡು ಬಣ್ಣ. ರಕ್ತದಲ್ಲಿ ಪೊಟ್ಯಾಸಿಯಂ 2.9. ಕನಿಷ್ಠ 3.5 ಇರಬೇಕಿತ್ತು. ಇನ್ನೂ ಇಳಿದರೆ ಹೃದಯದ ಬಡಿತವೇ ತಾಳ ತಪ್ಪುತ್ತೆ.

ಮೂತ್ರದ ಪಟ್ಟಿಯಲ್ಲಿ ಕೀಟೋನ್ ಎಷ್ಟಿದೆ ಅಂತ ನೋಡಿ ದಾಖಲು ಮಾಡಬೇಕೋ ಬೇಡವೋ ತೀರ್ಮಾನಿಸುವ ಪದ್ಧತಿ ಇನ್ನೂ ಹಲವೆಡೆ ಇದೆ. ಕೀಟೋನ್ ಕಾಯಿಲೆಯ ತೀವ್ರತೆಯನ್ನಾಗಲೀ ನೀರಿನ ಕೊರತೆಯನ್ನಾಗಲೀ ಅಳೆಯಲ್ಲ ಅಂತ ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2024ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. "ಕೀಟೋನ್ ಇಲ್ಲ, ಮನೆಗೆ ಹೋಗಿ" ಅನ್ನೋದು ಸರಿಯಾದ ಉತ್ತರವಲ್ಲ.

ಗ್ಲೂಕೋಸ್ ಬಾಟಲಿಯ ಅಪಾಯ

ನಮ್ಮೂರಲ್ಲಿ ಸುಸ್ತು ಅಂದ್ರೆ ಗ್ಲೂಕೋಸ್. ಆದರೆ ವಾರಗಟ್ಟಲೆ ಊಟ ನಿಲ್ಲದವರಿಗೆ ಮೊದಲು ಬೇಕಿರೋದು ಅದಲ್ಲ. ಕಳಕೊಂಡದ್ದು ನೀರು ಮತ್ತು ಉಪ್ಪು, ಹಾಗಾಗಿ ಸಲೈನ್ ಬೇಕು. ಪೊಟ್ಯಾಸಿಯಂ ಕಡಿಮೆ ಇದ್ದರೆ ಅದನ್ನು ಬಾಟಲಿಯಲ್ಲೇ ಬೆರೆಸಿ ನಿಧಾನವಾಗಿ ಹರಿಸಬೇಕು. ನೇರವಾಗಿ ನರಕ್ಕೆ ಚುಚ್ಚಿದರೆ ಹೃದಯ ನಿಂತೇ ಹೋಗಬಹುದು.

ಇನ್ನೊಂದು ಬಿ1 ಜೀವಸತ್ವ, ಅಂದರೆ ಥಯಮಿನ್. ಮೈಯಲ್ಲಿ ಇದರ ದಾಸ್ತಾನು ಎರಡು ಮೂರು ವಾರಕ್ಕಷ್ಟೇ ಸಾಲುತ್ತೆ. ಸಕ್ಕರೆ ಉರಿಯಬೇಕಾದರೆ ಥಯಮಿನ್ ಬೇಕೇ ಬೇಕು. ಅದು ತಳ ಕಂಡಿರುವಾಗ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳುತ್ತೆ. ಇದನ್ನು ವರ್ನಿಕೆ ಎನ್ಸೆಫಲೋಪತಿ ಅಂತಾರೆ. ವಸ್ತುಗಳು ಎರಡೆರಡಾಗಿ ಕಾಣೋದು, ನಡೆಯುವಾಗ ತೂರಾಡೋದು, ಮಾತು ಗೊಂದಲವಾಗೋದು ಅದರ ಲಕ್ಷಣ. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಆದ್ದರಿಂದ ಈಕೆಗೆ ಮೊದಲು 100 ಮಿಲಿಗ್ರಾಂ ಥಯಮಿನ್ ನರದ ಮೂಲಕ ಕೊಟ್ಟು, ಪೊಟ್ಯಾಸಿಯಂ ಬೆರೆಸಿದ ಸಲೈನ್ ಹರಿಸಿದೆವು. ಸ್ಕ್ಯಾನ್ ಮಾಡಿ ಅವಳಿ ಇಲ್ಲ, ಗರ್ಭದಲ್ಲಿ ಮಗುವಿನ ಬದಲು ದ್ರಾಕ್ಷಿ ಗೊಂಚಲಿನಂಥ ಗುಳ್ಳೆಗಳೂ ಇಲ್ಲ ಅಂತ ಖಚಿತ ಮಾಡಿಕೊಂಡೆವು. ಮೂರನೇ ದಿನ ಪೊಟ್ಯಾಸಿಯಂ 3.6ಕ್ಕೆ ಬಂತು, ಗಂಜಿ ಒಳಗೆ ನಿಂತಿತು.

ಮಾತ್ರೆಗೆ ಹೆದರಬೇಕಾ?

ಹೆದರಿಕೆಗೆ ಇತಿಹಾಸ ಇದೆ. 1957ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಅನ್ನು ಬಸುರಿ ವಾಂತಿಗೂ ಕೊಟ್ಟರು. ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದರು. 1961ರಲ್ಲಿ ಅದನ್ನು ಹಿಂಪಡೆದರು. ಈಗ ಮೊದಲು ಕೊಡುವ ಡಾಕ್ಸಿಲಮಿನ್-ಪಿರಿಡಾಕ್ಸಿನ್ ಜೋಡಿ ಬೇರೆಯೇ. ಇದನ್ನೂ ಮೊಕದ್ದಮೆಗಳ ಕಾರಣಕ್ಕೆ ಅಮೆರಿಕದಲ್ಲಿ 1983ರಲ್ಲಿ ಕಂಪನಿಯೇ ನಿಲ್ಲಿಸಿತ್ತು. ಮಗುವಿಗೆ ಹಾನಿ ಇಲ್ಲ ಅಂತ ಅಧ್ಯಯನಗಳು ತೋರಿಸಿದ ಮೇಲೆ 2013ರಲ್ಲಿ ಅಲ್ಲಿ ಮತ್ತೆ ಅನುಮತಿ ಸಿಕ್ಕಿತು. ಇದು ಸಾಲದಿದ್ದರೆ ಒಂಡಾನ್ಸೆಟ್ರಾನ್ ಕೊಡ್ತೀವಿ. ಮೊದಲ ಮೂರು ತಿಂಗಳಲ್ಲಿ ಅದರಿಂದ ಸೀಳುತುಟಿ ಅಥವಾ ಸೀಳಂಗುಳದ ಪ್ರಕರಣ ಹತ್ತು ಸಾವಿರಕ್ಕೆ ಸುಮಾರು ಮೂರು ಹೆಚ್ಚಾಗಬಹುದು. ಅದನ್ನು ಹೇಳಿ, ಒಪ್ಪಿಗೆ ಪಡೆದೇ ಕೊಡಬೇಕು.

ರಜೆ ಕೂಡ ಚಿಕಿತ್ಸೆಯೇ

ಡಿಸ್ಚಾರ್ಜ್ ಹೊತ್ತಿಗೆ ಆಕೆ ಕೇಳಿದ್ದು ಒಂದೇ: "ಮೇಡಂ, ಕೆಲಸಕ್ಕೆ ಯಾವಾಗ ಹೋಗ್ಬೋದು?" ಬಸಿರಿನಿಂದ ಬಂದ ಕಾಯಿಲೆಗೆ, ಹೆರಿಗೆ ರಜೆಯ ಹೊರತಾಗಿ, ಒಂದು ತಿಂಗಳವರೆಗೆ ವೇತನಸಹಿತ ರಜೆ ಕೊಡಬೇಕು ಅನ್ನುತ್ತಿತ್ತು 1961ರ ಹೆರಿಗೆ ಸೌಲಭ್ಯ ಕಾಯ್ದೆಯ 10ನೇ ಕಲಂ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಹಕ್ಕು ಉಳಿದಿದೆ. ಅದಕ್ಕೆ ಪುರಾವೆ ಬೇಕು. ಹಾಗಾಗಿ ಚೀಟಿಯಲ್ಲಿ ಬರೀ 'ವಾಂತಿ' ಅಂತ ಗೀಚದೆ, ಕಾಯಿಲೆಯ ಪೂರ್ತಿ ಹೆಸರು, ತೂಕ ಎಷ್ಟು ಇಳಿದಿದೆ, ಎಷ್ಟು ದಿನ ದಾಖಲಾಗಿದ್ದರು ಅಂತ ಬರೆಸಿಕೊಳ್ಳಿ.

ಮನೆಯಲ್ಲಿ ಬಸುರಿ ಇದ್ದರೆ ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಇಡೀ ದಿನ ನೀರು ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರ ಬರದಿದ್ದರೆ, ನಿಂತಾಗ ಕಣ್ಣು ಕತ್ತಲೆ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ವಾಂತಿ ಹತ್ತನೇ ವಾರದ ನಂತರ ಹೊಸದಾಗಿ ಶುರುವಾದರೆ, ಜೊತೆಗೆ ಜ್ವರ, ಹೊಟ್ಟೆನೋವು, ಉರಿಮೂತ್ರ ಅಥವಾ ಕಾಮಾಲೆ ಇದ್ದರೆ ಕಾರಣ ಬಸಿರಲ್ಲದೆ ಬೇರೆಯೇ ಇರಬಹುದು, ಹುಡುಕಲೇಬೇಕು. ಡ್ರಿಪ್ಸ್ ಹಾಕುವ ಮುಂಚೆ ಕೇಳಿ: "ಇದು ಸಲೈನಾ, ಗ್ಲೂಕೋಸಾ? ಬಿ1 ಕೊಟ್ಟಿದ್ದೀರಾ?"