ಭೇಟಿ ಎಣಿಸಲು ಒಪ್ಪಿಗೆ ಬೇಕೇ? ಸಣ್ಣ ಜಾಲತಾಣ ಮತ್ತು ಯುರೋಪಿನ ಕುಕೀ ನಿಯಮ

ಜಾಲತಾಣ ತೆರೆದೊಡನೆ ಅಡ್ಡ ಬರುವ ಒಪ್ಪಿಗೆಯ ಬ್ಯಾನರ್‌ಗೆ 2018ರಲ್ಲಿ ಜಾರಿಯಾದ ಜಿಡಿಪಿಆರ್ ಕಾರಣ ಎಂದು ಸಾಮಾನ್ಯವಾಗಿ ಬರೆಯಲಾಗುತ್ತದೆ. ಇದು ಅರ್ಧ ಮಾತ್ರ ನಿಜ. ಬ್ಯಾನರ್‌ನ ಮೂಲ ಯುರೋಪಿಯನ್ ಒಕ್ಕೂಟದ 2002ರ ಇ-ಪ್ರೈವೆಸಿ ನಿರ್ದೇಶನದ 5(3)ನೆಯ ವಿಧಿಯಲ್ಲಿದೆ. ಮೊದಲು ಅದು ಬಳಕೆದಾರರಿಗೆ ಬೇಡವೆನ್ನುವ ಹಕ್ಕನ್ನಷ್ಟೇ ಕೊಟ್ಟಿತ್ತು. 2009ರ ತಿದ್ದುಪಡಿ ಮುಂಚಿತ ಒಪ್ಪಿಗೆಯನ್ನೇ ಕಡ್ಡಾಯ ಮಾಡಿತು. ಆ ಒಪ್ಪಿಗೆ ಎಂಥದ್ದಿರಬೇಕು ಎಂಬುದನ್ನು ಬಿಗಿಗೊಳಿಸಿದ್ದು ಜಿಡಿಪಿಆರ್. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಾಗದು ಎಂದು ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರ್‌ನಲ್ಲಿ ಪ್ಲಾನೆಟ್49 ಪ್ರಕರಣದಲ್ಲಿ ತೀರ್ಪಿತ್ತಿತು. ಸಾಧನದಲ್ಲಿ ಇಟ್ಟ ಮಾಹಿತಿ ವೈಯಕ್ತಿಕವೋ ಅಲ್ಲವೋ ಎಂಬುದು 5(3)ನೆಯ ವಿಧಿಗೆ ಮುಖ್ಯವಲ್ಲ ಎಂದೂ ಅದೇ ತೀರ್ಪು ಹೇಳಿತು. ಇಷ್ಟರ ಮಟ್ಟಿಗೆ ವಿವಾದವಿಲ್ಲ.

ಕುಕೀ ಎಂದರೇನು ಎಂಬುದರಲ್ಲೂ ವಿವಾದವಿಲ್ಲ. ಒಂದು ಪುಟ ಕೇಳಿದವರೇ ಮುಂದಿನ ಪುಟವನ್ನೂ ಕೇಳುತ್ತಿದ್ದಾರೆ ಎಂದು ತಿಳಿಯುವ ದಾರಿ ವೆಬ್‌ನ ಸರ್ವರ್‌ಗೆ ಮೊದಲು ಇರಲಿಲ್ಲ. ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ 1994ರಲ್ಲಿ ಇದಕ್ಕೆ ಉಪಾಯ ಕಂಡುಹಿಡಿದರು: ಸರ್ವರ್ ತನ್ನ ಉತ್ತರದ ಜತೆಗೆ ಒಂದು ಸಾಲು ಕಳಿಸುತ್ತದೆ, ಬ್ರೌಸರ್ ಅದನ್ನು ಇಟ್ಟುಕೊಂಡು ಮುಂದಿನ ಪ್ರತಿ ವಿನಂತಿಯ ಜತೆಗೂ ಹಿಂದಿರುಗಿಸುತ್ತದೆ.

```
Set-Cookie: lang=kn; Max-Age=2592000; Path=/; Secure
```

ಇದು ಓದುಗರು ಆರಿಸಿದ ಭಾಷೆಯನ್ನು ಮೂವತ್ತು ದಿನ ನೆನಪಿಡುವ ಕುಕೀ. `kn` ಇರುವ ಜಾಗದಲ್ಲಿ ಒಬ್ಬೊಬ್ಬರಿಗೂ ಬೇರೆಬೇರೆಯಾದ ಉದ್ದದ ಸಂಖ್ಯೆಯನ್ನು ಇಟ್ಟು, ಅದನ್ನು ನೂರಾರು ತಾಣಗಳಲ್ಲಿ ಒಂದೇ ಜಾಹೀರಾತು ಕಂಪನಿ ಓದುವಂತೆ ಮಾಡಿದರೆ ಅದು ಜಾಡು ಹಿಡಿಯುವ ಸಾಧನವಾಗುತ್ತದೆ. ಬ್ಯಾನರ್ ಹುಟ್ಟಿದ್ದು ಈ ಎರಡನೆಯ ಬಳಕೆಯಿಂದ.

ನಿಯಮಕ್ಕೆ ಎರಡು ವಿನಾಯಿತಿಗಳಿವೆ: ಸಂದೇಶ ಸಾಗಿಸಲಷ್ಟೇ ಬೇಕಾದದ್ದು, ಮತ್ತು ಬಳಕೆದಾರರೇ ಸ್ಪಷ್ಟವಾಗಿ ಕೇಳಿದ ಸೇವೆ ಒದಗಿಸಲು ಕಟ್ಟುನಿಟ್ಟಾಗಿ ಅಗತ್ಯವಾದದ್ದು. ಲಾಗಿನ್, ಖರೀದಿಯ ಬುಟ್ಟಿ, ಓದುಗರೇ ಗುಂಡಿ ಒತ್ತಿ ಆರಿಸಿದ ಭಾಷೆ ಇವು ಎರಡನೆಯದರಲ್ಲಿ ಬರುತ್ತವೆ. ಇಲ್ಲಿಂದ ಮುಂದೆ ಒಂದೇ ಪ್ರಶ್ನೆ: ತಾಣಕ್ಕೆ ಎಷ್ಟು ಜನ ಬಂದರು ಎಂದು ಎಣಿಸುವುದು ಈ ವಿನಾಯಿತಿಯೊಳಗೆ ಬರುತ್ತದೆಯೇ?

ಒಕ್ಕೂಟದ ದತ್ತಾಂಶ ಪ್ರಾಧಿಕಾರಗಳ ಆಗಿನ ಸಮಿತಿ 2012ರ ತನ್ನ ಅಭಿಪ್ರಾಯದಲ್ಲಿ ಬಾರದು ಎಂದಿತು. ಅಗತ್ಯವನ್ನು ಅಳೆಯಬೇಕಾದದ್ದು ಓದುಗರ ಕಡೆಯಿಂದ. ಎಣಿಕೆ ನಿಂತರೂ ಪುಟ ಎಂದಿನಂತೆ ತೆರೆಯುತ್ತದೆ. ಆದರೂ ತಾಣವೇ ನಡೆಸುವ ಎಣಿಕೆಯಿಂದ ಅಪಾಯ ಕಡಿಮೆ ಎಂದು ಒಪ್ಪಿ, ಕಾನೂನು ರಚಿಸುವವರು ಅದಕ್ಕೆ ಪ್ರತ್ಯೇಕ ವಿನಾಯಿತಿ ಸೇರಿಸಬಹುದು ಎಂದು ಸಮಿತಿ ಸೂಚಿಸಿತು. ಫ್ರಾನ್ಸಿನ ಪ್ರಾಧಿಕಾರ ಸಿಎನ್‌ಐಎಲ್ ಹಾಗೆ ಕಾಯಲಿಲ್ಲ. ಅದರ 2020ರ ಮಾರ್ಗಸೂಚಿಯ ಪ್ರಕಾರ, ಎಣಿಕೆ ತಾಣದವರ ಸ್ವಂತ ಬಳಕೆಗೆ ಮಾತ್ರ ಇದ್ದು, ಅನಾಮಿಕ ಅಂಕಿಅಂಶವನ್ನಷ್ಟೇ ಕೊಟ್ಟು, ಓದುಗರನ್ನು ಬೇರೆ ತಾಣಗಳಿಗೆ ಹಿಂಬಾಲಿಸದಿದ್ದರೆ ಒಪ್ಪಿಗೆ ಬೇಕಿಲ್ಲ.

ಫಲಿತಾಂಶವಾಗಿ ಸಿಎನ್‌ಐಎಲ್ ನಿಲುವು ವಿವೇಕದ್ದೇ. ಅದರ ತರ್ಕವನ್ನು ಮಾತ್ರ ನಾನು ಒಪ್ಪಲಾರೆ. ಎಣಿಕೆಯಿಲ್ಲದೆ ತಾಣವನ್ನು ಸರಿಯಾಗಿ ನಡೆಸಲಾಗದು ಎಂಬುದು ನಡೆಸುವವರ ಅಗತ್ಯ. ವಿಧಿಯಲ್ಲಿರುವುದು ಬಳಕೆದಾರರು ‘ಕೇಳಿದ’ ಸೇವೆ, ಮತ್ತು ತನ್ನನ್ನು ಎಣಿಸಿ ಎಂದು ಯಾವ ಓದುಗರೂ ಕೇಳಿರುವುದಿಲ್ಲ. ಅಪಾಯ ಕಡಿಮೆ ಎಂಬ ಕಾರಣವನ್ನು ಅಗತ್ಯ ಎಂಬ ಪದದೊಳಗೆ ತುರುಕಿದರೆ ನಾಳೆ ಜಾಹೀರಾತಿನವರೂ ತಮ್ಮ ವ್ಯವಹಾರಕ್ಕೆ ಅಗತ್ಯ ಎಂದೇ ವಾದಿಸುತ್ತಾರೆ. ಫ್ರಾನ್ಸಿನ ತಾಣ ತನ್ನ ಪ್ರಾಧಿಕಾರದ ಮಾತನ್ನು ನೆಚ್ಚಬಹುದು. ಗಡಿಯಾಚೆಗೆ ಅದೇ ಭರವಸೆಯನ್ನು ಒಯ್ಯುವಂತಿಲ್ಲ.

ಹಾಗಾದರೆ ಪ್ರತಿ ಎಣಿಕೆಗೂ ಬ್ಯಾನರ್ ಬೇಕೇ? ಬೇಡ ಎನ್ನುವುದು ನನ್ನ ವಾದ. ಅದಕ್ಕೆ ವಿನಾಯಿತಿಯನ್ನು ಹಿಗ್ಗಿಸಬೇಕಿಲ್ಲ, ವಿಧಿಯ ಎಲ್ಲೆಯನ್ನು ನೋಡಿದರೆ ಸಾಕು. 5(3)ನೆಯ ವಿಧಿ ಎಣಿಕೆಯ ಬಗ್ಗೆ ಏನೂ ಹೇಳುವುದಿಲ್ಲ. ಬಳಕೆದಾರರ ಸಾಧನದಲ್ಲಿ ಮಾಹಿತಿ ಇಡುವುದು, ಅಲ್ಲಿರುವ ಮಾಹಿತಿಯನ್ನು ಪಡೆಯುವುದು ಈ ಎರಡಕ್ಕೆ ಅದು ಅನ್ವಯಿಸುತ್ತದೆ. ಪುಟ ಕೇಳುವಾಗ ಬ್ರೌಸರ್ ತಾನಾಗಿ ಕಳಿಸುವುದನ್ನು ಸರ್ವರ್ ಹೀಗೆ ಬರೆದಿಟ್ಟುಕೊಳ್ಳುತ್ತದೆ:

```
203.0.113.7 - - [10/Mar/2025:18:22:41 +0100] "GET /ugadi HTTP/1.1" 200 5120
```

ಈ ಸಾಲಿಗಾಗಿ ಸಾಧನದಲ್ಲಿ ಏನನ್ನೂ ಇಟ್ಟಿಲ್ಲ, ಏನನ್ನೂ ಕೇಳಿಲ್ಲ. ಇಂಥ ಸಾಲುಗಳನ್ನು ಕೂಡಿಸಿ ಯುಗಾದಿಯ ಪುಟಕ್ಕೆ ದಿನಕ್ಕೆಷ್ಟು ವಿನಂತಿ ಬಂತೆಂದು ತಿಳಿಯಲು ಬ್ಯಾನರ್ ಬೇಕಾಗದು.

ಇದು ಷರತ್ತುಗಳಿಲ್ಲದ ಮಾತಲ್ಲ. ಈಗಿನ ಯುರೋಪಿಯನ್ ದತ್ತಾಂಶ ರಕ್ಷಣಾ ಮಂಡಳಿ 2024ರ ಅಕ್ಟೋಬರ್‌ನಲ್ಲಿ ಅಂತಿಮಗೊಳಿಸಿದ ಮಾರ್ಗಸೂಚಿ (2/2023) ‘ಪಡೆಯುವುದು’ ಎಂಬುದನ್ನು ವಿಶಾಲವಾಗಿ ಓದುತ್ತದೆ. ಸಾಧನಕ್ಕೆ ಸೂಚನೆ ಕೊಟ್ಟು ಮಾಹಿತಿ ವಾಪಸು ತರಿಸಿಕೊಂಡರೆ, ಕುಕೀ ಇಲ್ಲದಿದ್ದರೂ, ವಿಧಿ ಅನ್ವಯಿಸುತ್ತದೆ. ಹೀಗಾಗಿ ‘ಕುಕೀರಹಿತ’ ಎಂದು ಮಾರಾಟವಾಗುವ ಎಣಿಕೆಯ ಸ್ಕ್ರಿಪ್ಟ್ ಪರದೆಯ ಅಗಲವನ್ನು ಓದಿ ಕಳಿಸಿದರೂ ವಿಧಿಯೊಳಗೆ ಬರುವಂತಿದೆ. ಐಪಿ ವಿಳಾಸದಿಂದಲೇ ಜಾಡು ಹಿಡಿಯುವುದನ್ನೂ, ಆ ವಿಳಾಸ ಬಳಕೆದಾರರ ಸಾಧನದಿಂದಲೇ ಹೊರಟದ್ದಾಗಿದ್ದರೆ, ಮಂಡಳಿ ಒಳಗೆ ತರುತ್ತದೆ. ಆದ್ದರಿಂದ ನನ್ನ ವಾದ ನಿಲ್ಲುವುದು ಪುಟಗಳ ಎಣಿಕೆಗೆ ಮಾತ್ರ. ಒಬ್ಬರನ್ನು ಪುಟದಿಂದ ಪುಟಕ್ಕೆ ಗುರುತು ಹಿಡಿಯಲು ಅದೇ ಸಾಲುಗಳನ್ನು ಬಳಸಿದರೆ ಕುಸಿಯುತ್ತದೆ. ಬ್ಯಾನರ್ ಬೇಡವೆಂದ ಮಾತ್ರಕ್ಕೆ ಜಿಡಿಪಿಆರ್ ತಪ್ಪುವುದೂ ಇಲ್ಲ: ಐಪಿ ವಿಳಾಸ ವೈಯಕ್ತಿಕ ಮಾಹಿತಿಯಾಗಬಲ್ಲದು, ಅದನ್ನು ಏಕೆ, ಎಷ್ಟು ದಿನ ಇಡುತ್ತೀರಿ ಎಂದು ಗೌಪ್ಯತೆಯ ಪುಟದಲ್ಲಿ ಹೇಳಬೇಕು.

ಒಂದು ಕಾಲ್ಪನಿಕ ತಾಣವನ್ನು ಪರೀಕ್ಷಿಸೋಣ. ಜರ್ಮನಿಯ ಊರೊಂದರ ಕನ್ನಡಿಗರ ಸಂಘ ವರ್ಡ್‌ಪ್ರೆಸ್‌ನಲ್ಲಿ ತಾಣ ನಡೆಸುತ್ತಿದೆ ಎಂದಿಟ್ಟುಕೊಳ್ಳಿ: ಕಾರ್ಯಕ್ರಮಗಳ ಪಟ್ಟಿ, ಸದಸ್ಯರ ಲಾಗಿನ್, ರಾಜ್ಯೋತ್ಸವದ ಯೂಟ್ಯೂಬ್ ವಿಡಿಯೊ, ಗೂಗಲ್ ಅನಲಿಟಿಕ್ಸ್. ಖಾಸಗಿ ವಿಂಡೋದಲ್ಲಿ ತಾಣ ತೆರೆದು, ಏನನ್ನೂ ಒತ್ತದೆ, ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ `Application` ಎಂಬಲ್ಲಿ `Cookies` ಮತ್ತು `Local storage` ಎರಡನ್ನೂ ನೋಡಬೇಕು. `_ga` ಕಂಡರೆ ಅದು ಅನಲಿಟಿಕ್ಸ್‌ನದು, ಸಾಮಾನ್ಯ ಆಯುಷ್ಯ ಎರಡು ವರ್ಷ. ಒಪ್ಪಿಗೆಗೆ ಮುಂಚೆಯೇ ಅದು ಬಂದು ಕೂತಿದ್ದರೆ, ಬ್ಯಾನರ್ ಇದ್ದೂ ನಿಯಮ ಮುರಿದಂತೆ. ಸಣ್ಣ ತಾಣಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ: ಪ್ಲಗಿನ್ ಹಾಕಿ ಬ್ಯಾನರ್ ತೋರಿಸುತ್ತವೆ, ಸ್ಕ್ರಿಪ್ಟ್‌ಗಳನ್ನು ತಡೆಹಿಡಿಯುವುದಿಲ್ಲ. `wordpress_logged_in_` ಎಂದು ಆರಂಭವಾಗುವ ಕುಕೀ ಲಾಗಿನ್ ಆದ ಮೇಲೆ ಮಾತ್ರ ಬರುತ್ತದೆ, ಅದಕ್ಕೆ ವಿನಾಯಿತಿಯಿದೆ.

ಸಂಘ ಅನಲಿಟಿಕ್ಸ್ ತೆಗೆದು ಸರ್ವರ್ ದಾಖಲೆಯಿಂದ ಪುಟಗಳನ್ನು ಎಣಿಸಬಹುದು. ವಿಡಿಯೊ ಜಾಗದಲ್ಲಿ ತನ್ನದೇ ಸರ್ವರ್‌ನ ಒಂದು ಚಿತ್ರವಿಟ್ಟು, ಒತ್ತಿದರೆ ಯೂಟ್ಯೂಬ್ ತೆರೆಯುವ ಕೊಂಡಿ ಕೊಡಬಹುದು. ಅಲ್ಲಿಗೆ ಒಪ್ಪಿಗೆ ಕೇಳಬೇಕಾದದ್ದು ಏನೂ ಉಳಿಯುವುದಿಲ್ಲ. ಕಳೆದುಕೊಳ್ಳುವುದೂ ಇದೆ: ಸರ್ಚ್ ಎಂಜಿನ್‌ಗಳ ಬಾಟ್‌ಗಳು ಎಣಿಕೆಯಲ್ಲಿ ಸೇರುತ್ತವೆ, ನೂರು ವಿನಂತಿ ಬಂದರೆ ಅವು ಎಷ್ಟು ಜನರದೆಂದು ತಿಳಿಯದು. ಸಭಾಂಗಣಕ್ಕೆ ಎಷ್ಟು ಕುರ್ಚಿ ಬೇಕೆಂಬುದನ್ನು ಸಂಘ ಹೇಗೂ ನೋಂದಣಿ ಫಾರಂನಿಂದಲೇ ತಿಳಿಯುತ್ತದೆ.

ಭಾರತದ ಓದುಗರಿಗಷ್ಟೇ ಇರುವ ತಾಣದ ವಿಚಾರ ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವೈಯಕ್ತಿಕ ಮಾಹಿತಿಯನ್ನು ಕುರಿತದ್ದು. 5(3)ರಂತೆ ಸಾಧನವನ್ನೇ ಕಾಯುವ ವಿಧಿ ಅದರಲ್ಲಿಲ್ಲ.

ಬಗೆಹರಿಯದ ಪ್ರಶ್ನೆ ನಡುವಿನದು. ಕೆಲವು ಸೇವೆಗಳು ಐಪಿ ವಿಳಾಸ ಮತ್ತು ಬ್ರೌಸರ್ ಹೆಸರನ್ನು ಬೆರೆಸಿ, ದಿನವೂ ಬದಲಾಗುವ ಗುಪ್ತ ಸಂಖ್ಯೆಯೊಂದನ್ನು ಸರ್ವರ್‌ನಲ್ಲೇ ತಯಾರಿಸಿ ಜನರನ್ನು ಎಣಿಸುತ್ತವೆ. ಇದು ಪುಟಗಳ ಎಣಿಕೆಯೋ ಗುರುತು ಹಿಡಿಯುವುದೋ ಎಂಬುದಕ್ಕೆ ನನ್ನ ವಾದದಿಂದ ನೇರ ಉತ್ತರ ಸಿಗದು. 2025ರ ನವೆಂಬರ್‌ನಲ್ಲಿ ಯುರೋಪಿಯನ್ ಕಮಿಷನ್ ಮಂಡಿಸಿದ ಡಿಜಿಟಲ್ ಆಮ್ನಿಬಸ್ ಪ್ರಸ್ತಾವ, ತಾಣದವರು ತಮಗಾಗಿಯೇ ನಡೆಸುವ ಒಟ್ಟು ಎಣಿಕೆಯನ್ನು ಒಪ್ಪಿಗೆಯಿಂದ ಬಿಡಲು ಹೊರಟಿದೆ. ಅದು ಅಂಗೀಕಾರವಾದರೆ 2012ರ ಸಮಿತಿ ಸೂಚಿಸಿದ ವಿನಾಯಿತಿ ಶಾಸನದ ದಾರಿಯಲ್ಲೇ ಬಂದಂತಾಗುತ್ತದೆ. ಆಗಲೂ ಈ ಗುಪ್ತ ಸಂಖ್ಯೆ ‘ಒಟ್ಟು ಎಣಿಕೆ’ಯಲ್ಲಿ ಸೇರುವುದೇ ಎಂಬುದು ಅಂತಿಮ ಪಠ್ಯದ ಮಾತುಗಳನ್ನೇ ಅವಲಂಬಿಸಿರುತ್ತದೆ.