ಮೊದಲ ವರ್ಷದ ಸರಾಸರಿಯಲ್ಲಿ ಮರೆಯಾಗುವ ಕೊರತೆ: ಹೊಸ ಕಾರ್ಖಾನೆಯ ನಗದು ಹರಿವಿನ ಅಂದಾಜು

ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಗಳಲ್ಲಿ ಹೊಸ ಕಾರ್ಖಾನೆಯ ಸಾಮರ್ಥ್ಯ ಬಳಕೆಯನ್ನು ವರ್ಷಕ್ಕೊಂದು ಅಂಕಿಯಾಗಿ ತೋರಿಸುವ ರೂಢಿಯಿದೆ. ಆ ಒಂದೇ ಅಂಕಿಯ ಒಳಗೆ ನಗದಿನ ಅತಿ ದೊಡ್ಡ ಕೊರತೆ ಅಡಗಿರುತ್ತದೆ ಎಂಬುದು ಈ ಲೇಖನದ ವಾದ.

ತುಮಕೂರಿನ ಆಸುಪಾಸಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆ ಇದೆಯೆಂದು ಭಾವಿಸೋಣ. ಪೂರ್ಣ ಸಾಮರ್ಥ್ಯದಲ್ಲಿ ಅದರ ಮಾರಾಟ ತಿಂಗಳಿಗೆ 5 ಕೋಟಿ ರೂಪಾಯಿ. ಕಾಗದ, ಅಂಟು, ಸಾಗಣೆಯಂಥ ಬದಲಾಗುವ ವೆಚ್ಚ ಮಾರಾಟದ ಶೇ. 65. ಸಂಬಳ ಮತ್ತಿತರ ಸ್ಥಿರ ವೆಚ್ಚ ತಿಂಗಳಿಗೆ 70 ಲಕ್ಷ. 30 ಕೋಟಿ ಅವಧಿ ಸಾಲಕ್ಕೆ ಶೇ. 10ರಂತೆ ತಿಂಗಳಿಗೆ 25 ಲಕ್ಷ ಬಡ್ಡಿ. ಮೊದಲ ವರ್ಷದ ಬಳಕೆ ಶೇ. 60 ಎಂದು ಹಿಡಿದರೆ, ವಾರ್ಷಿಕ ಲೆಕ್ಕದಲ್ಲಿ 1.2 ಕೋಟಿ ಉಳಿಯುತ್ತದೆ.

ಆದರೆ ಗಿರಾಕಿಗಳು ಮೊದಲ ದಿನವೇ ಪೂರ್ಣ ಆರ್ಡರ್ ಕೊಡುವುದಿಲ್ಲ. ಬಿಸ್ಕತ್ತು ಕಂಪನಿಯೊಂದು ಮೊದಲು ಮಾದರಿ ಪೆಟ್ಟಿಗೆಗಳ ಬಲ ಪರೀಕ್ಷಿಸುತ್ತದೆ, ಬಳಿಕ ಸಣ್ಣ ಆರ್ಡರ್ ಕೊಟ್ಟು ನೋಡುತ್ತದೆ. ಹಳೆಯ ಪೂರೈಕೆದಾರರನ್ನೂ ಒಮ್ಮೆಗೇ ಬಿಡುವುದಿಲ್ಲ. ಹಾಗಾಗಿ ಅದೇ ಶೇ. 60 ಸರಾಸರಿ ನಾಲ್ಕು ತ್ರೈಮಾಸಿಕಗಳಲ್ಲಿ 30, 50, 70, 90 ಎಂದು ಹಂಚಿಹೋಗುತ್ತದೆ. ಆಗ ಮೊದಲ ತ್ರೈಮಾಸಿಕದಲ್ಲಿ 1.275 ಕೋಟಿ, ಎರಡನೆಯದರಲ್ಲಿ 22.5 ಲಕ್ಷ ನಷ್ಟ. ಆರು ತಿಂಗಳಿಗೆ ಒಟ್ಟು 1.5 ಕೋಟಿ.

ಇದರ ಮೇಲೆ ಉದ್ರಿಯ ಭಾರ ಬೀಳುತ್ತದೆ. ಗಿರಾಕಿಗಳು ಎರಡು ತಿಂಗಳ ಬಳಿಕ ಹಣ ಕೊಡುತ್ತಾರೆ. ಕಚ್ಚಾವಸ್ತುವಿನ ದಾಸ್ತಾನಿಗೆ ಬೇಕಾದಷ್ಟು ಉದ್ರಿ ಕಾಗದದ ಮಿಲ್ಲಿನಿಂದ ಸಿಗುತ್ತದೆ ಎನ್ನೋಣ. ಆರನೇ ತಿಂಗಳ ಕೊನೆಗೆ ಗಿರಾಕಿಗಳಿಂದ ಬರಬೇಕಾದ ಬಾಕಿ 5 ಕೋಟಿ. ನಷ್ಟ ಸೇರಿಸಿದರೆ ಬೇಕಾದ ಹಣ 6.5 ಕೋಟಿ. ಬಾಕಿಯ ಮುಕ್ಕಾಲು ಭಾಗವನ್ನು ಬ್ಯಾಂಕು ದುಡಿಯುವ ಬಂಡವಾಳವಾಗಿ ಕೊಟ್ಟರೂ, ಅದರ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದೆಯೇ, ಉದ್ಯಮಿ 2.75 ಕೋಟಿ ಹೊಂದಿಸಬೇಕು. ವಾರ್ಷಿಕ ಹಾಳೆಯಲ್ಲಿ ಲಾಭ ಕಾಣುವ ವರ್ಷದ ನಡುವೆಯೇ ಸಂಬಳಕ್ಕೆ ಪರದಾಟ ಎದುರಾಗುವುದು ಹೀಗೆ.

ನಿರ್ಮಾಣಾವಧಿಯ ಬಡ್ಡಿಯ ಲೆಕ್ಕದಲ್ಲೂ ಸರಾಸರಿ ದಾರಿ ತಪ್ಪಿಸುತ್ತದೆ. 18 ತಿಂಗಳಲ್ಲಿ ಸಾಲ ಸಮವಾಗಿ ಬಿಡುಗಡೆಯಾದರೆ ಸರಾಸರಿ 15 ಕೋಟಿಗೆ ತಿಂಗಳಿಗೆ 12.5 ಲಕ್ಷ ಬಡ್ಡಿ. ವಿಳಂಬ ಬರುವುದು ಕೊನೆಯಲ್ಲಿ, ಪೂರ್ತಿ 30 ಕೋಟಿ ಬಿಡುಗಡೆಯಾದ ಮೇಲೆ. ಆದ್ದರಿಂದ ತಡವಾದ ಪ್ರತಿ ತಿಂಗಳಿಗೂ ಅದರ ಇಮ್ಮಡಿ ಬೀಳುತ್ತದೆ. ವಿದ್ಯುತ್ ಸಂಪರ್ಕಕ್ಕಾಗಿ ಆರು ತಿಂಗಳು ಕಾದರೆ 1.5 ಕೋಟಿ.

ನನ್ನ ದೃಷ್ಟಿಯಲ್ಲಿ ಮಾದರಿಯ ಅತಿ ಮುಖ್ಯ ಕೊಂಡಿ ಇಲ್ಲಿದೆ. ಮಾರಾಟದ ಏರಿಕೆಯನ್ನು ಹಣಕಾಸು ವರ್ಷಕ್ಕೆ ಕಟ್ಟದೆ, ವಾಣಿಜ್ಯ ಉತ್ಪಾದನೆ ಆರಂಭವಾದ ತಿಂಗಳಿನಿಂದ ಎಣಿಸಬೇಕು. ಸಾಲದ ಕಂತುಗಳನ್ನು ಮಾತ್ರ ಒಪ್ಪಂದದ ದಿನಾಂಕದಲ್ಲೇ ಇಡಬೇಕು, ಏಕೆಂದರೆ ಬ್ಯಾಂಕು ಒಪ್ಪದೆ ಅವು ಮುಂದೆ ಹೋಗುವುದಿಲ್ಲ. ಆಗ ಆರಂಭದ ತಿಂಗಳನ್ನು ಆರು ತಿಂಗಳು ಮುಂದೂಡಿ ನೋಡಿದರೆ, ಏಳನೇ ತಿಂಗಳಲ್ಲಿ ಬರಬೇಕಿದ್ದ ಮೊದಲ ಅಸಲಿನ ಕಂತು ಶೇ. 30 ಬಳಕೆಯ ಮೊದಲ ತಿಂಗಳಲ್ಲೇ ಬಂದು ನಿಲ್ಲುವುದು ಹಾಳೆಯ ಮೇಲೆ ಕಾಣುತ್ತದೆ.